ಅರ್ಧ ರೇಟಿನ ಬಾಕ್ಸು, ತಿರುಗುವ ರಿಂಗು, ನೀಲಿ ಉರಿ: ಬಾಟಲಿಯಲ್ಲಿ ನೋಡಬೇಕಾದದ್ದು ಏನು?

ಪ್ರಶ್ನೆ: ಸರ್, ನಮ್ಮದು ಜಮಖಂಡಿ ಹತ್ರ ಹಳ್ಳಿ. ಮುಂದಿನ ವಾರ ತಮ್ಮನ ಮದುವಿ ಐತಿ. ಗೆಳ್ಯಾರಿಗೆ ಪಾರ್ಟಿ ಕೊಡಾಕ ಅಂತ ಪರಿಚಯದವ ಒಬ್ಬ ಗೋವಾ ಮಾಲು ಅಂದು ಅರ್ಧ ರೇಟಿಗೆ 12 ಫುಲ್ ಬಾಟ್ಲಿ ಬಾಕ್ಸ್ ತಂದು ಕೊಟ್ಟಾನ. ಎರಡು ಬಾಟ್ಲಿದು ಮುಚ್ಚಳದ ಕೆಳಗಿನ ರಿಂಗ್ ಉಗುರಿಲೆ ತಿರುವಿದ್ರ ತಿರಗತೈತಿ, ತಾರೀಖೂ ಎಲ್ಲಾದರದ್ದೂ ಒಂದ ಇಲ್ಲ. ಒಂದು ಬಾಟ್ಲಿ ಒಡದು ಚಮಚದಾಗ ಹಾಕಿ ಬೆಂಕಿ ಹಚ್ಚಿದ್ವಿ, ನೀಲಿ ಉರಿ ಬಂತು. ನೀಲಿ ಉರಿ ಬಂದ್ರ ಅಸಲಿ ಅಂತಾರ, ಖರೇನೇನ್ರಿ? ನಮ್ಮೂರಾಗ ಕೆಲವರು ಪಾಕೀಟೂ ಕುಡೀತಾರ, ಅದರಾಗ ಏನು ತ್ರಾಸ ಐತಿ?

ಉತ್ತರ: ಮೊದಲು ಒಂದು ಮಾತು. ಆ ಬಾಕ್ಸಿನ ಯಾವ ಬಾಟಲಿಯನ್ನೂ ಯಾರಿಗೂ ಕೊಡಬೇಡಿ, ರಿಂಗ್ ಗಟ್ಟಿಯಾಗಿರುವ ಹತ್ತನ್ನೂ ಕೊಡಬೇಡಿ. ಒಡೆದ ಬಾಟಲಿಯಿಂದ ಯಾರಾದರೂ ರುಚಿ ನೋಡಿದ್ದರೆ ಈ ಬರಹದಲ್ಲಿ ಆಸ್ಪತ್ರೆಯ ವಿಷಯ ಬರೆದಿರುವ ಭಾಗವನ್ನು ಈಗಲೇ ಓದಿ. ನೀವು ಗಮನಿಸಿದ ಎರಡು ಸಂಗತಿಗಳು, ಅಂದರೆ ತಿರುಗುವ ರಿಂಗು ಮತ್ತು ಹೊಂದದ ತಾರೀಖು, ಬಹಳ ಸರಿಯಾದ ಗಮನಿಕೆಗಳು. ಆದರೆ ಮೂರನೆಯದಾಗಿ ನೀವು ನಂಬಿದ ಬೆಂಕಿಯ ಪರೀಕ್ಷೆ ಪೂರಾ ತಪ್ಪು. ಜನ ಜೀವ ಕಳೆದುಕೊಳ್ಳುವುದು ಈ ಮೂರನೆಯದನ್ನು ನಂಬಿಯೇ, ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಕುಡಿಯುವ ಮದ್ಯದಲ್ಲಿ ಇರುವುದು ಎಥನಾಲ್. ಜೀವ ತೆಗೆಯುವುದು ಮೆಥನಾಲ್, ಅಂದರೆ ಬಣ್ಣ, ಥಿನ್ನರ್, ರಾಸಾಯನಿಕ ಕಾರ್ಖಾನೆಗಳಿಗೆಂದು ತಯಾರಾಗುವ ಇನ್ನೊಂದು ಬಗೆಯ ಆಲ್ಕೋಹಾಲ್. ಇವೆರಡೂ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಎರಡಕ್ಕೂ ಬಣ್ಣವಿಲ್ಲ. ವಾಸನೆ ಹೆಚ್ಚುಕಡಿಮೆ ಒಂದೇ. ಎರಡೂ ನೀರಿನಲ್ಲಿ ಪೂರಾ ಬೆರೆಯುತ್ತವೆ. ಎರಡೂ ನೀಲಿಯಾಗಿಯೇ ಉರಿಯುತ್ತವೆ. ಹೀಗಾಗಿ ನಿಮ್ಮ ಚಮಚದಲ್ಲಿ ಕಂಡ ನೀಲಿ ಉರಿ ‘ಇದರಲ್ಲಿ ಆಲ್ಕೋಹಾಲ್ ಇದೆ’ ಎಂದಷ್ಟೇ ಹೇಳಿತು. ಯಾವ ಆಲ್ಕೋಹಾಲ್ ಎಂದು ಹೇಳಲಿಲ್ಲ. ಬೆಂಕಿ ಹತ್ತದಿದ್ದರೆ ನಕಲಿ ಎನ್ನುವುದೂ ಸರಿಯಲ್ಲ. ನಮ್ಮ ಬಾಟಲಿಗಳ ಮೇಲೆ ಸಾಮಾನ್ಯವಾಗಿ 42.8% ಎಂದಿರುತ್ತದೆ. ಅಷ್ಟು ಕಡಕಿನ ಮದ್ಯದ ಆವಿ ಹೊತ್ತಿಕೊಳ್ಳಲು ಸುಮಾರು 26 ಡಿಗ್ರಿ ಬಿಸಿ ಸಾಕು. ವಿಜಯಪುರದ ಏಪ್ರಿಲ್ ಮಧ್ಯಾಹ್ನ ತಟ್ಟನೆ ಹೊತ್ತುವ ಅದೇ ಮದ್ಯ ಬೆಳಗಾವಿಯ ಮಳೆಗಾಲದ ರಾತ್ರಿ ಹೊತ್ತದೇ ಹೋಗಬಹುದು. ಅದರಲ್ಲಿ ಮದ್ಯದ ದೋಷ ಏನೂ ಇಲ್ಲ, ಹವೆಯ ವ್ಯತ್ಯಾಸ ಅಷ್ಟೆ.

ಬಾಟಲಿ ಅಲುಗಾಡಿಸಿ ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತವೆ ಎಂದು ನೋಡುವವರೂ ಇದ್ದಾರೆ. ಆ ಗುಳ್ಳೆ ತೋರಿಸುವುದು ಒಟ್ಟು ಕಡಕು ಎಷ್ಟಿದೆ ಎಂಬ ಒರಟು ಅಂದಾಜನ್ನು ಮಾತ್ರ. ಮದ್ಯದ ಸಾಂದ್ರತೆ ಅಳೆಯುವ ಗಾಜಿನ ತೇಲುಮಾಪಕ ಕೂಡ ಇಲ್ಲಿ ಕೈಕೊಡುತ್ತದೆ. ಶುದ್ಧ ಎಥನಾಲ್ ಒಂದು ಮಿಲಿಗೆ 0.789 ಗ್ರಾಂ ತೂಗಿದರೆ ಮೆಥನಾಲ್ 0.792 ಗ್ರಾಂ ತೂಗುತ್ತದೆ. ಒಂದರ ಸ್ವಲ್ಪ ಭಾಗದ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಮಾಪಕದ ಕಡ್ಡಿ ಅದೇ ಗೆರೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಇವನ್ನು ನಂಬುವಂತೆ ಬೇರೆ ಮಾಡಿ ಅಳೆಯುವುದು ಪ್ರಯೋಗಾಲಯದ ಗ್ಯಾಸ್ ಕ್ರೊಮೆಟೋಗ್ರಾಫ್ ಯಂತ್ರ. ಮೂಗು, ನಾಲಗೆ, ಚಮಚ, ಕಡ್ಡಿಪೆಟ್ಟಿಗೆ ಇವುಗಳಿಂದ ಆಗುವ ಕೆಲಸ ಅದಲ್ಲ.

ಒಳಗಿನ ದ್ರವವನ್ನು ನೋಡಿ ತೀರ್ಮಾನಿಸಲು ಆಗದ ಮೇಲೆ ಉಳಿಯುವ ದಾರಿ ಒಂದೇ. ಇದು ಡಿಸ್ಟಿಲರಿಯಲ್ಲಿ ಮುಚ್ಚಿದ ಮೇಲೆ ಯಾರೂ ತೆಗೆದಿಲ್ಲ ಎಂಬುದಕ್ಕೆ ಸಾಕ್ಷಿ ಇದೆಯೇ ಎಂದು ನೋಡುವುದು. ಆ ಸಾಕ್ಷಿ ಇರುವುದು ಮುಚ್ಚಳದಲ್ಲಿ, ಅದರ ಮೇಲಿನ ಅಬಕಾರಿ ಚೀಟಿಯಲ್ಲಿ ಮತ್ತು ನೀವು ಕೊಂಡ ಜಾಗದಲ್ಲಿ.

ನಿಮ್ಮ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳ ಕಾರ್ಖಾನೆಗೆ ಬರುವಾಗ ಅದಕ್ಕೆ ತಿರುಪಿನ ಮರೆ ಇರುವುದಿಲ್ಲ, ನುಣ್ಣನೆಯ ಟೋಪಿಯ ಹಾಗೆ ಇರುತ್ತದೆ. ಬಾಟಲಿ ತುಂಬಿದ ಮೇಲೆ ಆ ಟೋಪಿಯನ್ನು ಕತ್ತಿಗೆ ಹಾಕಿ, ಯಂತ್ರದ ಪುಟ್ಟ ಉರುಳೆಗಳು ಸುತ್ತಲೂ ಒತ್ತುತ್ತವೆ. ಆಗ ಗಾಜಿನ ಮರೆಯ ಅಚ್ಚು ಮುಚ್ಚಳದ ಮೇಲೆ ಮೂಡುತ್ತದೆ. ಅದೇ ಹೊತ್ತಿಗೆ ಇನ್ನೊಂದು ಉರುಳೆ ಮುಚ್ಚಳದ ಕೆಳ ಅಂಚನ್ನು ಗಾಜಿನ ಉಬ್ಬಿದ ಬಳೆಯ ಕೆಳಗೆ ಮಡಚಿ ಕೂರಿಸುತ್ತದೆ. ಈ ಕೆಳ ಅಂಚೇ ನೀವು ಹೇಳಿದ ರಿಂಗು. ಮೇಲಿನ ಮುಚ್ಚಳಕ್ಕೂ ರಿಂಗಿಗೂ ನಡುವೆ ಸಣ್ಣ ಸಣ್ಣ ಸೀಳು ಇರುತ್ತವೆ. ಸೀಳುಗಳ ನಡುವೆ ಅಕ್ಕಿಕಾಳಿಗಿಂತ ಸಣ್ಣ ತಗಡಿನ ಸೇತುವೆಗಳು ಉಳಿದಿರುತ್ತವೆ. ಮೊದಲ ಸಲ ತಿರುವಿದಾಗ ‘ಕಟಕಟ’ ಎಂದು ಸದ್ದಾಗುವುದು ಈ ಸೇತುವೆಗಳು ಒಂದಾದ ಮೇಲೊಂದು ಹರಿಯುವಾಗ. ಮುಚ್ಚಳ ಮೇಲೆ ಬರುತ್ತದೆ, ರಿಂಗು ಕತ್ತಿನಲ್ಲೇ ಉಳಿಯುತ್ತದೆ.

ಇಷ್ಟು ತಿಳಿದರೆ ನಿಮ್ಮ ಎರಡು ಬಾಟಲಿಗಳ ಕಥೆ ತಾನಾಗಿ ತಿಳಿಯುತ್ತದೆ. ಸೇತುವೆಗಳು ಇಡಿಯಾಗಿದ್ದಾಗ ರಿಂಗು ಮತ್ತು ಮುಚ್ಚಳ ಒಂದೇ ತಗಡು. ಮುಚ್ಚಳ ಅಲುಗದೆ ಇದ್ದು ರಿಂಗ್ ಮಾತ್ರ ತಿರುಗಲು ಸಾಧ್ಯವೇ ಇಲ್ಲ. ತಿರುಗುತ್ತಿದೆ ಎಂದರೆ ಸೇತುವೆ ಹರಿದಿವೆ, ಅಂದರೆ ಆ ಬಾಟಲಿಯನ್ನು ಒಮ್ಮೆ ತೆಗೆದಾಗಿದೆ. ಸಾಗಾಟದಲ್ಲಿ ಪೆಟ್ಟು ಬಿದ್ದು ಒಂದೋ ಎರಡೋ ಸೇತುವೆ ಹರಿಯಬಹುದು, ಆದರೆ ಸುತ್ತಲೂ ಎಲ್ಲವೂ ಹರಿಯುವುದಿಲ್ಲ.

ಉಳಿದ ಬಾಟಲಿಗಳಿಗೂ ಹೀಗೆಯೇ ಮಾಡಿ. ಒಣಬಟ್ಟೆಯಿಂದ ಕತ್ತನ್ನು ಒರೆಸಿ, ಮೊಬೈಲ್ ಟಾರ್ಚನ್ನು ಬದಿಯಿಂದ ಹಿಡಿದು, ಬಾಟಲಿಯನ್ನು ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಸೇತುವೆಗಳು ಸಮ ಅಂತರದಲ್ಲಿ ಇರಬೇಕು, ಎಳೆದ ಹಾಗೆ ಉದ್ದವಾಗಿರಬಾರದು. ರಿಂಗಿನ ಕೆಳ ಅಂಚು ಸುತ್ತಲೂ ಒಳಗೆ ಮಡಚಿರಬೇಕು. ಒಂದು ಕಡೆ ಉಗುರು ತೂರುವಷ್ಟು ಎದ್ದಿದ್ದರೆ, ಅಥವಾ ಚಿಮಟಿಗೆಯಿಂದ ಎತ್ತಿದಂಥ ಗೀರು ಇದ್ದರೆ ಯಾರೋ ರಿಂಗನ್ನು ಹರಿಯದಂತೆ ಇಡಿಯಾಗಿ ಎಬ್ಬಿಸಿದ್ದಾರೆ ಎಂದು ತಿಳಿಯಿರಿ. ಆಮೇಲೆ ಮರೆಯ ಅಚ್ಚನ್ನು ನೋಡಿ. ಯಂತ್ರ ಒತ್ತಿದ ಅಚ್ಚು ಒಂದೇ ಆಳದಲ್ಲಿ ನಯವಾಗಿ ಓಡುತ್ತದೆ, ಬಣ್ಣ ಕಿತ್ತಿರುವುದಿಲ್ಲ. ಹೊಸ ಮುಚ್ಚಳ ತಂದು ಕೈಯಿಂದ ಒತ್ತಿದ್ದರೆ ಅಚ್ಚು ಒಂದು ಕಡೆ ಆಳ, ಇನ್ನೊಂದು ಕಡೆ ಚಪ್ಪಟೆ ಇರುತ್ತದೆ. ಉಪಕರಣ ಜಾರಿದ ಗೆರೆ ಕಾಣುತ್ತದೆ. ಮುಚ್ಚಳ ಬಿಗಿಯಾಗದೆ, ಬಿಚ್ಚಿಕೊಳ್ಳದೆ ರಿಂಗಿನ ಸಮೇತ ಸುಮ್ಮನೆ ಗಿರಗಿರ ತಿರುಗುತ್ತಿದ್ದರೂ ಅಚ್ಚು ಸರಿಯಾಗಿ ಕೂತಿಲ್ಲ ಎಂದೇ ಅರ್ಥ. ಕೊನೆಗೆ ಬಾಟಲಿಯನ್ನು ಒಂದೆರಡು ನಿಮಿಷ ತಲೆಕೆಳಗಾಗಿ ಹಿಡಿಯಿರಿ. ಒಳ್ಳೆಯ ಮುಚ್ಚಳದಿಂದ ಒಂದು ಹನಿಯೂ ಜಿನುಗುವುದಿಲ್ಲ. ಮುಚ್ಚಳದ ನೆತ್ತಿಯ ಮೇಲೆ ಸೂಜಿಯ ತೂತು, ಅಂಟಿನ ಚುಕ್ಕೆ ಇದೆಯೇ ಎಂದು ಬೆರಳಾಡಿಸಿ ನೋಡುವುದನ್ನೂ ಮರೆಯಬೇಡಿ.

ದುಬಾರಿ ಬಾಟಲಿಗಳ ಬಾಯಲ್ಲಿ ಒಂದು ಪ್ಲಾಸ್ಟಿಕ್ ಬಿರಡೆಯೂ ಅದರೊಳಗೆ ಪುಟ್ಟ ಗೋಲಿಯೂ ಇರುತ್ತದೆ. ಮದ್ಯ ಹೊರಗೆ ಬರುತ್ತದೆ, ಒಳಗೆ ಸುರಿದರೆ ಗೋಲಿ ಅಡ್ಡ ಬರುತ್ತದೆ. ಮೊದಲು ಆ ಬ್ರಾಂಡಿನಲ್ಲಿ ಬಿರಡೆ ಇದ್ದು ಈಗ ನಿಮ್ಮ ಕೈಯಲ್ಲಿರುವ ಬಾಟಲಿಯಲ್ಲಿ ಇಲ್ಲ ಎಂದಾದರೆ ಅದನ್ನು ಕಿತ್ತು ಮರುತುಂಬಿರಬಹುದು. ಆದರೆ ಬಿರಡೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಅದು ಮರುತುಂಬುವವನ ಕೆಲಸವನ್ನು ನಿಧಾನ ಮಾಡುತ್ತದೆ, ಪೂರಾ ತಡೆಯುವುದಿಲ್ಲ.

ಈಗ ಅಬಕಾರಿ ಚೀಟಿ. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ನಡೆಯುತ್ತದೆ. ಡಿಸ್ಟಿಲರಿಯಿಂದ ನಿಗಮದ ಡಿಪೋಗೆ, ಅಲ್ಲಿಂದ ಲೈಸೆನ್ಸ್ ಇರುವ ಅಂಗಡಿಗೆ. ಈ ದಾರಿಯಲ್ಲಿ ಬಂದ ಬಾಟಲಿಗೆ ಅಬಕಾರಿ ಇಲಾಖೆಯ ಅಂಟುಚೀಟಿ ಇರುತ್ತದೆ. ಅದರ ಮೇಲೆ ಕ್ರಮಸಂಖ್ಯೆ ಇರುತ್ತದೆ, ಬೆಳಕಿಗೆ ಓರೆ ಹಿಡಿದರೆ ಹೊಳೆಯುವ ಗುರುತು ಇರುತ್ತದೆ. ಅದನ್ನು ಅಂಟಿಸುವ ಜಾಗ ಮುಖ್ಯ. ಒಂದು ತುದಿ ಮುಚ್ಚಳದ ಮೇಲೆ, ಇನ್ನೊಂದು ತುದಿ ಗಾಜಿನ ಕತ್ತಿನ ಮೇಲೆ ಬರುವಂತೆ ಸೇತುವೆಯ ಹಾಗೆ ಅಂಟಿಸುತ್ತಾರೆ, ಮುಚ್ಚಳ ತಿರುವಿದರೆ ಅದು ಹರಿಯಲೇಬೇಕು. ಹಾಗಾಗಿ ಚೀಟಿ ಇದೆಯೇ ಎಂದಷ್ಟೇ ನೋಡಿ ಸುಮ್ಮನಾಗಬೇಡಿ. ಮುಚ್ಚಳ ಮತ್ತು ರಿಂಗು ಕೂಡುವ ಗೆರೆಯಲ್ಲಿ ಬ್ಲೇಡಿನಿಂದ ಕೊಯ್ದ ಹಾಗೆ ಸಣ್ಣ ಗೀಟು ಇದೆಯೇ? ಚೀಟಿಯ ಅಂಚಿನಿಂದ ಹಳದಿ ಅಂಟು ಹೊರಗೆ ಬಂದಿದೆಯೇ? ಬಿಸಿನೀರಿಗೆ ನೆಂದು ಒಣಗಿದಂತೆ ಸುಕ್ಕು, ಮಸುಕಾದ ಅಕ್ಷರ ಇವೆಯೇ? ಎರಡು ಬಾಟಲಿಗಳ ಚೀಟಿಯಲ್ಲಿ ಒಂದೇ ಸಂಖ್ಯೆ ಕಂಡರೆ ಮುಂದೆ ನೋಡುವ ಅಗತ್ಯವೇ ಇಲ್ಲ, ಅದು ಅಚ್ಚು ಹಾಕಿಸಿದ ನಕಲಿ ಚೀಟಿ.

ನಿಮ್ಮ ಬಾಕ್ಸಿಗೆ ಬರೋಣ. ಫುಲ್ ಬಾಟಲಿಯ ಪೆಟ್ಟಿಗೆಯಲ್ಲಿ 12 ಬಾಟಲಿ, ಹಾಫ್ ಆದರೆ 24, ಕ್ವಾರ್ಟರ್ ಆದರೆ 48 ಇರುತ್ತವೆ. ತುಂಬುವ ಸಾಲಿನಿಂದ ಬಾಟಲಿಗಳು ಒಂದರ ಹಿಂದೆ ಒಂದು ಇಳಿದು ಅದೇ ಕ್ರಮದಲ್ಲಿ ಪೆಟ್ಟಿಗೆ ಸೇರುತ್ತವೆ. ಹಾಗಾಗಿ ಸೀಲ್ ಒಡೆಯದ ಪೆಟ್ಟಿಗೆಯಲ್ಲಿ ಎಲ್ಲ ಬಾಟಲಿಗಳ ಬ್ಯಾಚ್ ಸಂಖ್ಯೆ, ತುಂಬಿದ ತಿಂಗಳು ಒಂದೇ ಇರುವುದು ಸಹಜ. ಪೆಟ್ಟಿಗೆಯ ಹೊರಗಿನ ರಟ್ಟಿನ ಮೇಲೂ ಅದೇ ಬ್ಯಾಚ್ ಇರುತ್ತದೆ. ಮರುತುಂಬುವವನಿಗೆ ಈ ಸೌಕರ್ಯ ಇಲ್ಲ. ಅವನ ಕಚ್ಚಾ ಮಾಲು ಖಾಲಿ ಬಾಟಲಿ. ಒಂದು ಬಾರಿನ ಹಿತ್ತಲಿಂದ, ಒಂದು ಮಂಗಲ ಕಾರ್ಯಾಲಯದ ಕಸದಿಂದ, ಒಂದು ಗುಜರಿಯಿಂದ ಆರಿಸಿ ತಂದದ್ದು. ಅದಕ್ಕೇ ಅವನ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಮಾರ್ಚ್ ತಿಂಗಳದ್ದು, ಪಕ್ಕದ್ದು ಹಿಂದಿನ ವರ್ಷದ ದೀಪಾವಳಿ ಹೊತ್ತಿನದ್ದು ಇರುತ್ತದೆ. ಹನ್ನೆರಡನ್ನೂ ಸಾಲಾಗಿ ನಿಲ್ಲಿಸಿ ಬ್ಯಾಚ್ ಮತ್ತು ತಾರೀಖನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹನ್ನೆರಡಕ್ಕೆ ನಾಲ್ಕೈದು ಬ್ಯಾಚ್ ಕಂಡರೆ ಆ ಪೆಟ್ಟಿಗೆ ಡಿಸ್ಟಿಲರಿಯಲ್ಲಿ ತುಂಬಿದ್ದಲ್ಲ. ಅಂಗಡಿಯವರು ಬಿಡಿ ಬಾಟಲಿಗಳನ್ನು ಒಂದು ಖಾಲಿ ಪೆಟ್ಟಿಗೆಗೆ ಹಾಕಿ ಕೊಡುವುದೂ ಉಂಟು, ಅದು ತಪ್ಪಲ್ಲ. ಆದರೆ ನಿಮಗೆ ಬಂದದ್ದು ಅಂಗಡಿಯಿಂದ ಅಲ್ಲ, ಬಿಲ್ ಇಲ್ಲ, ಜೊತೆಗೆ ಎರಡು ರಿಂಗ್ ಹರಿದಿವೆ. ಈ ಮೂರೂ ಸೇರಿದಾಗ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಸಾಲಾಗಿ ನಿಲ್ಲಿಸಿದಾಗಲೇ ಕತ್ತಿನಲ್ಲಿ ಮದ್ಯದ ಮಟ್ಟವನ್ನೂ ನೋಡಿ. ಯಂತ್ರ ತುಂಬಿದ ಬಾಟಲಿಗಳ ಮಟ್ಟ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಗಾಜಿನ ದಪ್ಪ ಬೇರೆಯಾದರೆ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು. ಒಂದು ಬಾಟಲಿ ಇನ್ನೊಂದಕ್ಕಿಂತ ಒಂದು ಬೆರಳಿನಷ್ಟು ಕೆಳಗಿದ್ದರೆ ಅದು ಕೊಳವೆ ಹಿಡಿದು ಕೈಯಲ್ಲಿ ತುಂಬಿದ ಲಕ್ಷಣ. ಬಾಟಲಿಯನ್ನು ತಲೆಕೆಳಗು ಮಾಡಿ ಬೆಳಕಿಗೆ ಹಿಡಿದಾಗ ತೇಲುವ ಕಸ, ನೂಲು, ಪದರು ಕಂಡರೆ ಅದೂ ಹಾಗೆಯೇ.

ಗಾಜಿನ ಮೇಲಿನ ಗೀರು, ತಳದ ಸವೆತ ನೋಡಿ ನಕಲಿ ಎನ್ನಬೇಡಿ. ನಮ್ಮಲ್ಲಿ ಹಳೆಯ ಬಾಟಲಿಯನ್ನು ತೊಳೆದು ಕಾರ್ಖಾನೆಯಲ್ಲೇ ಮತ್ತೆ ತುಂಬುವುದು ಬಹಳ ಕಾಲದಿಂದ ನಡೆದುಬಂದಿದೆ. ಹಳೆಯ ಗಾಜು ತಪ್ಪಲ್ಲ. ಹಳೆಯ ಗಾಜಿನ ಮೇಲೆ ಹಳೆಯ ಲೇಬಲ್ ಇದ್ದರೆ ತಪ್ಪು. ಕಾರ್ಖಾನೆಯಲ್ಲಿ ತೊಳೆದ ಬಾಟಲಿಗೆ ಹೊಸ ಲೇಬಲ್ ಅಂಟಿಸುತ್ತಾರೆ. ಗಾಜು ಸವೆದಿದ್ದು ಲೇಬಲ್ ಹೊಸದಾಗಿದ್ದರೆ ಸರಿ, ಲೇಬಲ್ ಕೂಡ ಉಜ್ಜಿ ಮಾಸಿದ್ದು ಮುಚ್ಚಳ ಮಾತ್ರ ಫಳಫಳ ಹೊಳೆಯುತ್ತಿದ್ದರೆ ಕೆಳಗಿಡಿ.

‘ಗೋವಾ ಮಾಲು’ ಎಂಬ ಮಾತಿನ ಬಗ್ಗೆ ಬೆಳಗಾವಿ ಕಡೆಯವರಿಗೆ ಬಿಡಿಸಿ ಹೇಳಬೇಕು. ಗೋವಾದಲ್ಲಿ ತೆರಿಗೆ ಕಡಿಮೆ, ಆದ್ದರಿಂದ ಚೋರ್ಲಾ ಘಾಟು, ಅನಮೋಡ ದಾರಿಯಲ್ಲಿ ಮದ್ಯ ಕದ್ದು ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಅಂಥ ಬಾಟಲಿಯ ಲೇಬಲ್ ಮೇಲೆ ಗೋವಾದಲ್ಲಿ ಮಾತ್ರ ಮಾರಾಟಕ್ಕೆ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ನಿಪ್ಪಾಣಿ, ಇಂಡಿ, ಚಡಚಣ ಕಡೆ ಸಿಗುವ ಮಹಾರಾಷ್ಟ್ರದ ಬಾಟಲಿಗೂ ಅದರದ್ದೇ ಸಾಲು ಇರುತ್ತದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದರಿಂದ ‘ಮಿಲಿಟರಿ ಮಾಲು’ ಎಂಬ ಮಾತೂ ಚಾಲ್ತಿಯಲ್ಲಿದೆ. ಅದರ ಮೇಲೆ ರಕ್ಷಣಾ ಸಿಬ್ಬಂದಿಗೆ ಮಾತ್ರ ಎಂದಿರುತ್ತದೆ. ಪರವಾನಗಿ ಇಲ್ಲದೆ ಇಂಥವನ್ನು ಕೊಳ್ಳುವುದು, ಇಟ್ಟುಕೊಳ್ಳುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಅಪರಾಧ. ಆದರೆ ನಿಮ್ಮ ಆರೋಗ್ಯದ ದೃಷ್ಟಿಯಿಂದ ದೊಡ್ಡ ತೊಂದರೆ ಬೇರೆ ಇದೆ. ಕರ್ನಾಟಕದ ಅಬಕಾರಿ ಚೀಟಿ ಗೋವಾ ಬಾಟಲಿಯ ಮೇಲೆ ಇರುವುದೇ ಇಲ್ಲ. ನಿಮ್ಮೂರಿನ ಅಂಗಡಿಯಲ್ಲಿ ಅದೇ ಲೇಬಲ್ ಸಿಗುವುದಿಲ್ಲ, ಪಕ್ಕದಲ್ಲಿ ಇಟ್ಟು ಹೋಲಿಸಲು ಆಗದು. ರೇಟು ಯಾಕೆ ಕಡಿಮೆ ಎಂದು ಕೇಳಿದರೆ ‘ಗೋವಾ ತೆರಿಗೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮರುತುಂಬಿದ ಬಾಟಲಿ ಮಾರುವವನಿಗೆ ಇದಕ್ಕಿಂತ ಒಳ್ಳೆಯ ಮರೆ ಇನ್ನೊಂದಿಲ್ಲ. ನಿಜವಾದ ಗೋವಾ ಬಾಟಲಿಯೂ ಅದೇ ಮಾತಿನಿಂದ ಬರುತ್ತದೆ, ನಕಲಿಯೂ ಅದೇ ಮಾತಿನಿಂದ ಬರುತ್ತದೆ, ನಿಮ್ಮ ಕೈಯಲ್ಲಿ ಅಳತೆಗೋಲು ಇರುವುದಿಲ್ಲ.

ಮರುತುಂಬಿದ ಬಾಟಲಿಗಳಲ್ಲಿ ಬಹುಪಾಲು ಅಗ್ಗದ ಮದ್ಯವೋ ನೀರು ಬೆರೆಸಿದ್ದೋ ಇರುತ್ತದೆ, ವಿಷ ಇರುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ. ಆದರೆ ನಿಮ್ಮ ಮುಂದಿರುವ ಬಾಟಲಿ ಯಾವ ಪಾಲಿನದ್ದು ಎಂದು ನಿಮಗೂ ಗೊತ್ತಿಲ್ಲ, ತಂದುಕೊಟ್ಟವನಿಗೂ ಗೊತ್ತಿಲ್ಲ. ತುಂಬಿದವನಿಗೂ ಗೊತ್ತಿಲ್ಲದೆ ಇರಬಹುದು, ಯಾಕೆಂದರೆ ಅವನೂ ಡ್ರಮ್ಮಿನಲ್ಲಿ ‘ಸ್ಪಿರಿಟ್’ ಎಂದು ಹೇಳಿ ಕೊಟ್ಟದ್ದನ್ನೇ ಕೊಂಡಿರುತ್ತಾನೆ. ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಲ್ಲಿ ಸಕ್ಕರೆ ಕಾರ್ಖಾನೆಗಳ ಜೊತೆ ಡಿಸ್ಟಿಲರಿಗಳಿವೆ, ಕಾಕಂಬಿಯಿಂದ ಅಲ್ಲಿ ಬರುವುದು ಎಥನಾಲ್. ಅದರಿಂದಾಗಿ ‘ಫ್ಯಾಕ್ಟರಿ ಸ್ಪಿರಿಟ್ ಅಲ್ಲವೇ, ಚೊಕ್ಕ ಇರತೈತಿ’ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿದೆ. ಆದರೆ ಕೈಗಾರಿಕೆಗೆ ಹೋಗುವ ಸ್ಪಿರಿಟ್ಟಿಗೆ ಯಾರೂ ಕುಡಿಯಬಾರದೆಂದೇ ವಿಷ ಬೆರೆಸುವುದುಂಟು. ಮೆಥನಾಲ್ ಡ್ರಮ್ಮಂತೂ ಹೊರಗಿನಿಂದ ನೋಡಿದರೆ ಅದೇ ಥರ ಇರುತ್ತದೆ.

ಲೆಕ್ಕ ಹಾಕಿ ನೋಡಿ. 750 ಮಿಲಿ ಬಾಟಲಿಯಲ್ಲಿ ಹತ್ತನೇ ಒಂದು ಭಾಗ ಮೆಥನಾಲ್ ಸೇರಿದೆ ಎಂದುಕೊಳ್ಳೋಣ. 60 ಮಿಲಿಯ ಒಂದು ಪೆಗ್ಗಿನಲ್ಲಿ 6 ಮಿಲಿ ಆಯಿತು, ಮೂರು ಪೆಗ್ಗಿಗೆ 18 ಮಿಲಿ. ಸುಮಾರು 10 ಮಿಲಿ ಶುದ್ಧ ಮೆಥನಾಲ್ ಕಣ್ಣನ್ನು ಶಾಶ್ವತವಾಗಿ ಕೆಡಿಸಬಲ್ಲದು, 30 ಮಿಲಿ ಆಸುಪಾಸು ಜೀವ ತೆಗೆಯಬಲ್ಲದು. ಒಬ್ಬೊಬ್ಬರ ಮೈಗೆ ತಕ್ಕಂತೆ ಇದು ಬದಲಾಗುತ್ತದೆ, ಆದರೆ ಅಳತೆ ಎಷ್ಟು ಚಿಕ್ಕದು ನೋಡಿ. ರುಚಿಯಲ್ಲಿ ಈ ಹತ್ತನೇ ಒಂದು ಭಾಗ ಯಾರಿಗೂ ತಿಳಿಯುವುದಿಲ್ಲ.

ಮೆಥನಾಲ್ ತಾನಾಗಿ ಅಷ್ಟು ವಿಷವಲ್ಲ. ಯಕೃತ್ತು ಅದನ್ನು ಒಡೆದು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡುತ್ತದೆ. ಈ ಆಮ್ಲ ಜೀವಕೋಶಗಳು ಆಮ್ಲಜನಕ ಬಳಸುವುದನ್ನು ತಡೆಯುತ್ತದೆ, ಅದರ ಮೊದಲ ಪೆಟ್ಟು ಕಣ್ಣಿನ ನರಕ್ಕೆ. ಈ ಒಡೆಯುವ ಕೆಲಸಕ್ಕೆ ಹೊತ್ತು ಬೇಕು. ಸಾಮಾನ್ಯವಾಗಿ 12ರಿಂದ 24 ತಾಸು ಏನೂ ಅನಿಸುವುದಿಲ್ಲ. ಜೊತೆಗೆ ಎಥನಾಲ್ ಕುಡಿದಿದ್ದರೆ ಯಕೃತ್ತು ಮೊದಲು ಎಥನಾಲನ್ನೇ ಹಿಡಿಯುತ್ತದೆ, ಆಗ ಮೆಥನಾಲಿನ ಸರದಿ ಇನ್ನೂ ತಡವಾಗುತ್ತದೆ. ಹಾಗಾಗಿ ರಾತ್ರಿ ಪಾರ್ಟಿಯಲ್ಲಿ ಎಲ್ಲರೂ ಆರಾಮ ಇರುತ್ತಾರೆ. ಮರುದಿನ ಮಧ್ಯಾಹ್ನವೋ ಸಂಜೆಯೋ ಹೊಟ್ಟೆನೋವು, ವಾಂತಿ, ತಲೆಶೂಲೆ ಬರುತ್ತದೆ. ‘ನಿನ್ನಿ ಹೆಚ್ಚಾತು’ ಎಂದು ಮಜ್ಜಿಗೆ ಕುಡಿದು ಮಲಗುತ್ತಾರೆ. ಮುಂದೆ ಕಣ್ಣಿಗೆ ಮಂಜು ಕವಿದ ಹಾಗೆ, ಬೆಳ್ಳಗೆ ಹಿಟ್ಟು ಸುರಿದ ಹಾಗೆ ಕಾಣುತ್ತದೆ, ಉಸಿರು ಆಳವಾಗಿ ಬಿರುಸಾಗಿ ಓಡುತ್ತದೆ. ಅಷ್ಟು ಹೊತ್ತಿಗೆ ಆಮ್ಲ ರಕ್ತದಲ್ಲಿ ಬಹಳ ಏರಿರುತ್ತದೆ.

ಒಡೆದ ಬಾಟಲಿಯಿಂದ ಯಾರಾದರೂ ಕುಡಿದಿದ್ದರೆ ಲಕ್ಷಣಕ್ಕೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಡಯಾಲಿಸಿಸ್ ಮತ್ತು ತುರ್ತುನಿಗಾ ಘಟಕ ಇರುವ ಆಸ್ಪತ್ರೆಗೆ ಒಯ್ಯಿರಿ. ಡಾಕ್ಟರಿಗೆ ‘ಹೊಟ್ಟೆ ಕೆಟ್ಟೈತಿ’ ಎಂದು ಹೇಳಬೇಡಿ. ಎಷ್ಟು ಗಂಟೆಗೆ, ಎಷ್ಟು ಪೆಗ್ ಕುಡಿದರು, ಮೆಥನಾಲ್ ಇರಬಹುದೆಂಬ ಅನುಮಾನ ಇದೆ ಎಂದು ನೇರವಾಗಿ ಹೇಳಿ, ಉಳಿದ ಬಾಟಲಿಯನ್ನು ಜೊತೆಗೆ ಒಯ್ಯಿರಿ. ನಾಚಿಕೆಯಿಂದಲೋ ಪೊಲೀಸರ ಹೆದರಿಕೆಯಿಂದಲೋ ಮುಚ್ಚಿಟ್ಟು ಕಳೆದ ತಾಸುಗಳ ಬೆಲೆಯನ್ನು ಕಣ್ಣಿನ ದೃಷ್ಟಿಯಿಂದ ತೆರಬೇಕಾಗುತ್ತದೆ. ಅಲ್ಲಿ ರಕ್ತದ ಆಮ್ಲ ಅಳೆದು, ಬೈಕಾರ್ಬೊನೇಟ್ ಕೊಟ್ಟು, ಯಕೃತ್ತು ಮೆಥನಾಲನ್ನು ಒಡೆಯದಂತೆ ಫೋಮೆಪಿಜೋಲ್ ಎಂಬ ಔಷಧವನ್ನೋ ಅದು ಸಿಗದಿದ್ದರೆ ಅಳತೆ ಮಾಡಿದ ಎಥನಾಲನ್ನೋ ಕೊಡುತ್ತಾರೆ, ಬೇಕಾದರೆ ಡಯಾಲಿಸಿಸ್ ಮಾಡಿ ವಿಷವನ್ನೇ ಹೊರಗೆ ತೆಗೆಯುತ್ತಾರೆ. ಇದನ್ನು ಕೇಳಿ ‘ಹಂಗಾದ್ರ ಮನ್ಯಾಗ ಒಳ್ಳೇ ವಿಸ್ಕಿ ಕುಡಿಸೋಣ’ ಎನ್ನಬೇಡಿ. ತಾಸುತಾಸಿಗೆ ರಕ್ತ ಪರೀಕ್ಷೆ ಮಾಡುತ್ತಾ ಕೊಡುವ ಚಿಕಿತ್ಸೆ ಅದು. ಮನೆಯಲ್ಲಿ ಮಾಡಿದರೆ ರೋಗಿ ವಾಂತಿ ಉಸಿರಿಗೆ ಸಿಕ್ಕಿ ಸಾಯಬಹುದು, ಆಸ್ಪತ್ರೆ ಮುಟ್ಟುವುದೂ ತಡವಾಗುತ್ತದೆ.

ಇನ್ನು ಪಾಕೀಟು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಆಮೇಲೆ ಸಾರಾಯಿ ಪಾಕೀಟು ಮಾರಲು ಲೈಸೆನ್ಸ್ ಎಂಬುದೇ ಇಲ್ಲ. ನಿಮ್ಮೂರಲ್ಲಿ ಪಾಲಿಥಿನ್ ಚೀಲದಲ್ಲಿ ಸಿಗುತ್ತಿರುವುದು ಎಲ್ಲಿ ತಯಾರಾಯಿತು ಎಂದು ಬರೆದ ಒಂದು ಅಕ್ಷರವೂ ಅದರ ಮೇಲೆ ಇರುವುದಿಲ್ಲ. ಇದ್ದರೂ ಅದಕ್ಕೆ ಬೆಲೆ ಇಲ್ಲ. ಅಂಗಡಿಯಲ್ಲಿ 90 ಮಿಲಿ, 180 ಮಿಲಿಯ ರಟ್ಟಿನ ಟೆಟ್ರಾ ಪ್ಯಾಕ್ ಸಿಗುತ್ತದಲ್ಲ, ಅದು ಬೇರೆ. ಡಿಸ್ಟಿಲರಿಯ ಹೆಸರು, ಬ್ಯಾಚ್, ತಾರೀಖು, ಎಂಆರ್‌ಪಿ, ಆಲ್ಕೋಹಾಲಿನ ಪ್ರಮಾಣ, ಅಬಕಾರಿ ಗುರುತು ಎಲ್ಲ ಅದರ ಮೇಲೆ ಇರುತ್ತವೆ. ಅದರಲ್ಲೂ ಮೂಲೆಯ ಮಡಿಕೆ ಎತ್ತಿ ಮತ್ತೆ ಅಂಟಿಸಿದ ಗುರುತು, ಸೂಜಿತೂತು ಇದೆಯೇ ಎಂದು ಒತ್ತಿ ನೋಡಬೇಕು.

ಪಾಲಿಥಿನ್ ಪಾಕೀಟಿನ ಬಾಯಿ ಮುಚ್ಚುವುದು ಬಿಸಿತಂತಿಯ ಸೀಲಿಂಗ್ ಯಂತ್ರದಿಂದ. ಕಿರಾಣಿ ಅಂಗಡಿಯಲ್ಲಿ ಬೇಳೆ, ಚುರುಮುರಿ ಪ್ಯಾಕ್ ಮಾಡುವ ಅದೇ ಯಂತ್ರ. ಬಾಟಲಿಯಲ್ಲಿ ಒಮ್ಮೆ ಹರಿದರೆ ಮತ್ತೆ ಕೂಡದ ಸೇತುವೆ ಇದೆ. ಪಾಕೀಟಿನಲ್ಲಿ ಕತ್ತರಿಸಿ ಮತ್ತೆ ಕಾಯಿಸಿದರೆ ಮೊದಲಿನ ಹಾಗೇ ಆಗುತ್ತದೆ. ಆದ್ದರಿಂದ ಪಾಕೀಟಿನ ಸೀಲು ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ, ಅದನ್ನು ಪರೀಕ್ಷೆ ಮಾಡುವ ವಿಧಾನ ನಾನು ನಿಮಗೆ ಕೊಡಲಾರೆ. ಬೆಲ್ಲ ಹುಳಿಯಿಸಿ ಭಟ್ಟಿ ಇಳಿಸಿದ್ದರಲ್ಲಿ ಮೆಥನಾಲ್ ಬಹಳ ಕಡಿಮೆ. ಸಾಲುಸಾಲಾಗಿ ಜನ ಸತ್ತದ್ದು ಕಡಕು ಏರಿಸಲು ಮೆಥನಾಲ್ ಬೆರೆಸಿದಾಗ. 2008ರ ಮೇ ತಿಂಗಳಲ್ಲಿ, ಸಾರಾಯಿ ನಿಂತು ವರ್ಷ ತುಂಬುವ ಮೊದಲೇ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ ಕಳ್ಳಸಾರಾಯಿ ಕುಡಿದು ಸತ್ತರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತದ್ದು ಪಾಕೀಟಿನ ಸಾರಾಯಿಯಿಂದಲೇ. ದಿನಾ ಕುಡಿದು ಏನೂ ಆಗದ ಅದೇ ಮಾರಾಟಗಾರನ ಪಾಕೀಟು ಒಂದು ದಿನ ಬೇರೆ ಡ್ರಮ್ಮಿನಿಂದ ಬಂದಿರುತ್ತದೆ, ಕುಡಿಯುವವನಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಒಡೆದ ಬಾಟಲಿಯಿಂದ ಬಿಡಿಯಾಗಿ ಹಾಕಿಸಿಕೊಳ್ಳುವುದರಲ್ಲೂ ಇದೇ ತೊಂದರೆ. ಸಿಎಲ್-2 ಲೈಸೆನ್ಸಿನ ಅಂಗಡಿ ಸೀಲ್ ಬಾಟಲಿ ಮಾರಲು ಮಾತ್ರ, ಅಲ್ಲಿ ಗ್ಲಾಸಿಗೆ ಹಾಕಿ ಕೊಡುವಂತಿಲ್ಲ. ಸಿಎಲ್-9 ಬಾರಿನಲ್ಲಿ ಪೆಗ್ ಕೊಡಬಹುದು. ಅಲ್ಲಿ ಕ್ವಾರ್ಟರ್ ಸೀಲ್ ನಿಮ್ಮ ಮುಂದೆ ಒಡೆಸಿ, ಕಟಕಟ ಸದ್ದು ಕೇಳಿ. ಪೆಗ್ ಬೇಕೆಂದರೆ ಬಾಟಲಿಯನ್ನು ಮೇಜಿಗೆ ತರಲು ಹೇಳಿ. ಕೇಳಿದ್ದಕ್ಕೆ ಸಿಟ್ಟಾಗುವ ಜಾಗದಲ್ಲಿ ಕುಡಿಯುವ ಅಗತ್ಯವೂ ಇಲ್ಲ.

ನಿಮ್ಮ ಬಾಕ್ಸನ್ನು ಚೆಲ್ಲಬೇಡಿ, ತಂದವನಿಗೆ ವಾಪಸ್ ಕೊಡಬೇಡಿ. ಕೊಟ್ಟರೆ ಅದು ಬೇರೆ ಮದುವೆಗೆ ಹೋಗುತ್ತದೆ. ಇದ್ದಲ್ಲೇ ಇಟ್ಟು ಬಾಗಲಕೋಟೆಯ ಅಬಕಾರಿ ಉಪ ಆಯುಕ್ತರ ಕಚೇರಿಗೆ ಅಥವಾ 112ಕ್ಕೆ ತಿಳಿಸಿ, ಬರೆದಿಟ್ಟ ಬ್ಯಾಚ್ ಹಾಳೆಯನ್ನೂ ಕೊಡಿ. ನಿಮ್ಮ ಮನೆಯಲ್ಲಿ ಅದು ಇರುವುದೇ ತಕರಾರಿನ ವಿಷಯವಾದ್ದರಿಂದ ಪರಿಚಯದ ವಕೀಲರನ್ನು ಜೊತೆಗೆ ಕರೆದುಕೊಂಡು ನೀವಾಗಿಯೇ ಹೋಗಿ ಹೇಳುವುದು ಒಳ್ಳೆಯದು. ಮದುವೆಯಲ್ಲಿ ಕುಡಿಸಲೇಬೇಕೆಂದಿದ್ದರೆ ಅದೇ ಕಚೇರಿಯಲ್ಲಿ ಆ ದಿನದ ಮಟ್ಟಿಗೆ ಸಿಎಲ್-5 ಲೈಸೆನ್ಸ್ ಕೇಳಿ, ಮದ್ಯವನ್ನು ಲೈಸೆನ್ಸ್ ಅಂಗಡಿಯಲ್ಲಿ ಬಿಲ್ ಸಮೇತ ಕೊಳ್ಳಿ. ಪಾರ್ಟಿ ಮುಗಿದ ಮೇಲೆ ಖಾಲಿ ಬಾಟಲಿಗಳನ್ನು ಇಡಿಯಾಗಿ ಗುಜರಿಗೆ ಕೊಡಬೇಡಿ. ಲೇಬಲ್ಲಿಗೆ ಚಾಕುವಿನಿಂದ ಅಡ್ಡ ಗೀರಿ, ಅಬಕಾರಿ ಚೀಟಿ ಕಿತ್ತು ಚೂರು ಮಾಡಿ, ಮುಚ್ಚಳವನ್ನು ಕಲ್ಲಿನಿಂದ ಜಜ್ಜಿ, ಒಂದೊಂದು ಬಾಟಲಿಯ ರಟ್ಟಿನ ಡಬ್ಬಿ ಇದ್ದರೆ ಹರಿದು ಕೊಡಿ. ಗಾಜಿನ ದುಡ್ಡು ಅಷ್ಟೇ ಬರುತ್ತದೆ, ಮರುತುಂಬುವವನಿಗೆ ಆ ಬಾಟಲಿ ಉಪಯೋಗಕ್ಕೆ ಬರುವುದಿಲ್ಲ.